ಡ್ರೈವರಣ್ಣನ ಎರಡು ಬಗೆಯ ಇಂಜೆಕ್ಷನ್

ಆತ ಸ್ಟೀರಿಂಗ್ ಬಿಟ್ಟು ಆರು ವರ್ಷವಾದರೂ ಬಸ್ ಡಿಪೋದಲ್ಲಿ ಎಲ್ಲರಿಗೂ ಡ್ರೈವರಣ್ಣನೇ. ಈಗಿನ ಕೆಲಸ ಸ್ಟೋರ್ ರೂಮಿನಲ್ಲಿ, ಬ್ರೇಕ್ ಲೈನರು, ಫ್ಯಾನ್ ಬೆಲ್ಟು ಎಣಿಸಿ ಕೊಡುವುದು.

ಮದುವೆಯಾದಾಗ ಆತನಿಗೆ ಮೂವತ್ತನಾಲ್ಕು, ಆಕೆಗೆ ಮೂವತ್ತೈದು. ಅದೇ ಡಿಪೋದ ಪಾಸ್ ಕೌಂಟರಿನಲ್ಲಿ ಕೂರುತ್ತಿದ್ದವಳು. ಮರುವರ್ಷ ಆತನಿಗೆ ತಲೆನೋವು ಶುರುವಾಯಿತು. ಒಂದು ಬೆಳಿಗ್ಗೆ ಬಸ್ಸನ್ನು ಗೇಟಿನ ಕಂಬಕ್ಕೆ ತಾಗಿಸಿದ. ಕಂಬ ಕಾಣಲೇ ಇಲ್ಲ ಎಂದರೆ ಯಾರು ನಂಬುತ್ತಾರೆ? ಆದರೆ ಎರಡೂ ಪಕ್ಕದ ನೋಟ ನಿಜಕ್ಕೂ ಮಸುಕಾಗಿತ್ತು. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ ಬೆಳೆದು ಕಣ್ಣಿನ ನರವನ್ನು ಒತ್ತುತ್ತಿತ್ತು. ಮೂಗಿನ ದಾರಿಯಿಂದಲೇ ಅದನ್ನು ತೆಗೆದರು. ಜೀವ ಉಳಿಯಿತು, ಡ್ರೈವಿಂಗ್ ಹೋಯಿತು.

ಜೊತೆಗೆ ಇನ್ನೂ ಕೆಲವು ಹೋದವು. ಗಡ್ಡ ಬೋಳಿಸಿದರೆ ಹತ್ತು ದಿನವಾದರೂ ಬೆಳೆಯುತ್ತಿರಲಿಲ್ಲ. ಮೆಟ್ಟಿಲು ಹತ್ತಿದರೆ ಸುಸ್ತು. ಹಾಸಿಗೆಯಲ್ಲಿ ಆಕೆಯ ಕೈ ಸೋಕಿದರೂ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ಮನೆ ಹತ್ತಿರದ ಕ್ಲಿನಿಕ್ಕಿನ ವಯಸ್ಸಾದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ‘ಗಂಡಸಿನ ಹಾರ್ಮೋನು ಕಡಿಮೆ ಇದೆಯಪ್ಪ, ಅದನ್ನೇ ಕೊಟ್ಟುಬಿಡೋಣ’ ಎಂದು ಮೂರು ವಾರಕ್ಕೊಮ್ಮೆ ಟೆಸ್ಟೋಸ್ಟೆರಾನ್ ಚುಚ್ಚಿದರು. ಎರಡೇ ತಿಂಗಳಲ್ಲಿ ಗಡ್ಡ ಮತ್ತೆ ಒರಟಾಗಿ ಬೆಳೆಯಿತು. ಗಂಡ ಹೆಂಡಿರ ನಗು ಪಕ್ಕದ ಮನೆಗೂ ಕೇಳತೊಡಗಿತು.

ಎರಡು ವರ್ಷ ಕಳೆದರೂ ಬಸಿರಾಗಲಿಲ್ಲ. ಆಕೆ ತನ್ನದೇ ದೋಷವೆಂದು ಒಬ್ಬಳೇ ಪರೀಕ್ಷೆಗಳಿಗೆ ಅಲೆದಳು. ಎಲ್ಲ ಸರಿ ಇತ್ತು. ಕೊನೆಗೆ ಆತನ ವೀರ್ಯ ಪರೀಕ್ಷೆಯಾಯಿತು. ವರದಿಯಲ್ಲಿ ಒಂದೇ ಒಂದು ಸೊನ್ನೆ.

ದೊಡ್ಡ ಆಸ್ಪತ್ರೆಯ ಹಾರ್ಮೋನ್ ಡಾಕ್ಟರಮ್ಮ ಬಿಡಿಸಿ ಹೇಳಿದರು. ‘ವೃಷಣಕ್ಕೆ ಕೆಲಸ ಮಾಡು ಅಂತ ಹೇಳೋದು ಪಿಟ್ಯುಟರಿ. ಆಪರೇಷನ್ ಆದಮೇಲೆ ನಿಮ್ಮದು ಸರಿಯಾಗಿ ಹೇಳ್ತಿಲ್ಲ. ಹೊರಗಿಂದ ಹಾರ್ಮೋನು ಬಂದಾಗ ಅಳಿದುಳಿದ ಮಾತೂ ನಿಂತುಹೋಯ್ತು. ಮೈಗೆ ಬಲ ಬಂತು, ಒಳಗೆ ವೀರ್ಯಾಣು ತಯಾರಾಗೋದು ನಿಂತಿತು.’

‘ಇದಕ್ಕೆ ಮಾತ್ರೆ ಇದೆಯಂತಲ್ಲ ಮೇಡಂ?’ ಆಕೆ ಕೇಳಿದಳು.

‘ಕ್ಲೋಮಿಫೀನ್. ಅದು ಪಿಟ್ಯುಟರಿಯನ್ನ ಎಬ್ಬಿಸೋ ಮಾತ್ರೆಯಮ್ಮ. ಗ್ರಂಥಿ ಚೆನ್ನಾಗಿದ್ದು ಬರೀ ಮಂಕಾಗಿದ್ರೆ ಕೆಲಸ ಮಾಡುತ್ತೆ. ಇವರದಕ್ಕೆ ಪೆಟ್ಟು ಬಿದ್ದಿದೆ, ಏಳೋ ಶಕ್ತಿಯಿಲ್ಲ. ಎಚ್‌ಸಿಜಿ ಇಂಜೆಕ್ಷನ್ ಆದ್ರೆ ಪಿಟ್ಯುಟರಿಯನ್ನ ಕೇಳದೆ ನೇರವಾಗಿ ವೃಷಣಕ್ಕೇ ಹೇಳುತ್ತೆ. ಆದರೆ ತಿಂಗಳುಗಟ್ಟಲೆ ಕಾಯಬೇಕು.’

‘ಮೊದಲೇ ಇದನ್ನ ಕೊಟ್ಟಿದ್ರೆ?’ ಆತ ಕೇಳಿದ.

‘ಎರಡು ವರ್ಷ ಉಳೀತಿತ್ತು’ ಎಂದರು ಡಾಕ್ಟರಮ್ಮ.

ಅಂದೇ ಸಂಜೆ ಆತ ಕ್ಲಿನಿಕ್ಕಿಗೆ ಹೋದ. ಕೂಗಾಡಬೇಕೆಂದೇ ಹೋಗಿದ್ದ. ವರದಿ ಓದಿದ ಮುದುಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ಮಕ್ಕಳು ಬೇಕಾ ಅಂತ ನಾನು ಕೇಳ್ಬೇಕಿತ್ತು. ಕೇಳಲಿಲ್ಲ. ತಪ್ಪಾಯ್ತಪ್ಪ.’ ಆತ ವರದಿ ಮಡಚಿಕೊಂಡು ಎದ್ದುಬಂದ.

ಟೆಸ್ಟೋಸ್ಟೆರಾನ್ ನಿಂತಿತು. ವಾರಕ್ಕೆ ಮೂರು ಸಲ ಆಕೆಯೇ ಆತನ ಹೊಟ್ಟೆಯ ಚರ್ಮ ಚಿವುಟಿ ಹಿಡಿದು ಎಚ್‌ಸಿಜಿ ಚುಚ್ಚುತ್ತಿದ್ದಳು. ‘ಬಸ್ಸಿಗೆ ಡೀಸೆಲ್ ಹಾಕಿದ ಹಾಗೆ ನೆಟ್ಟಗೆ ನಿಂತ್ಕೊಳ್ರೀ’ ಎಂದು ನಗಿಸುತ್ತಿದ್ದಳು. ಮೊದಲು ಸೋತಿದ್ದ ಮೈಗೆ ಮೆಲ್ಲಗೆ ಕಸುವು ಬಂತು. ಆದರೆ ಆರು ತಿಂಗಳ ನಂತರವೂ ಸೊನ್ನೆ ಸೊನ್ನೆಯೇ. ವೀರ್ಯಾಣು ಬೆಳೆಸುವ ಎಫ್‌ಎಸ್‌ಎಚ್ ಎಂಬ ಇನ್ನೊಂದು ಇಂಜೆಕ್ಷನ್ ಜೊತೆಗೂಡಿತು. ಹದಿನಾಲ್ಕನೇ ತಿಂಗಳಲ್ಲಿ ಲ್ಯಾಬಿನವರು ವೀರ್ಯಾಣು ಕಂಡಿವೆ ಎಂದರು. ಕಡಿಮೆಯೇ, ಆದರೆ ಓಡಾಡುತ್ತಿದ್ದವು. ಆತ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಮಗುವಿನಂತೆ ಅತ್ತ.

ಮತ್ತೆ ಐದು ತಿಂಗಳಿಗೆ ಆಕೆಗೆ ಮುಟ್ಟು ನಿಂತಿತು. ಆಗ ಆಕೆಗೆ ನಲವತ್ತೊಂದು. ಸ್ಕ್ಯಾನಿನಲ್ಲಿ ಎದೆಬಡಿತ ನೋಡಿ ಬಂದರು, ಯಾರಿಗೂ ಹೇಳಲಿಲ್ಲ. ಹತ್ತನೇ ವಾರ, ಪಾಸ್ ಕೌಂಟರಿನ ಮುಂದೆ ಸಾಲು ನಿಂತಿದ್ದಾಗಲೇ, ಆಕೆಯ ಸೀರೆ ರಕ್ತದಲ್ಲಿ ಒದ್ದೆಯಾಯಿತು. ಆತ ಸ್ಟೋರಿನಿಂದ ಓಡಿ ಬಂದ. ಬಸಿರು ಉಳಿಯಲಿಲ್ಲ.

‘ವಯಸ್ಸಿನ ಕಾರಣ ಇರಬಹುದು. ಇನ್ನೊಮ್ಮೆ ನೋಡೋಣವಾ?’ ಡಾಕ್ಟರಮ್ಮ ಕೇಳಿದರು. ಇನ್ನೂ ಒಂದು ವರ್ಷ ನೋಡಿದರು. ಏನೂ ಆಗಲಿಲ್ಲ. ಒಂದು ಭಾನುವಾರ ಸಿರಿಂಜು ಕೈಯಲ್ಲಿ ಹಿಡಿದು ಆಕೆ ಅಂದಳು: ‘ಸಾಕು ಕಣ್ರೀ. ಇನ್ನು ನನ್ನ ಕೈಲಾಗಲ್ಲ.’

ಆತ ಸಿರಿಂಜು ತೆಗೆದಿಟ್ಟ. ‘ಆಯ್ತು’ ಎಂದ.

ಆತನ ಎಲುಬಿಗೂ ಶಕ್ತಿಗೂ ಹಾರ್ಮೋನು ಜೀವನವಿಡೀ ಬೇಕು. ಹಾಗಾಗಿ ಟೆಸ್ಟೋಸ್ಟೆರಾನ್ ಮತ್ತೆ ಶುರುವಾಯಿತು. ಆ ಮೊದಲ ಇಂಜೆಕ್ಷನ್ ಚುಚ್ಚಿಸಿಕೊಂಡ ದಿನ ಆತ ಅನ್ನ ಮುಟ್ಟಲಿಲ್ಲ.

ಮೊನ್ನೆ ಕೆಲಸ ಮುಗಿಸಿ ಬಂದಾಗ ಅಡುಗೆಮನೆಯಲ್ಲಿ ಆಕೆ ಪಕ್ಕದ ಮನೆಯವಳ ಜೊತೆ ಏನೋ ಮಾತಾಡುತ್ತ ಬಿದ್ದುಬಿದ್ದು ನಗುತ್ತಿದ್ದಳು. ಆ ನಗು ಕೇಳಿ ಎಷ್ಟು ಕಾಲವಾಗಿತ್ತೋ. ತಾನು ಒಳಗೆ ಹೋದರೆ ಎಲ್ಲಿ ನಿಂತುಬಿಡುತ್ತದೋ ಎಂದು, ಚಪ್ಪಲಿ ಬಿಡದೆ, ಆತ ಹೊಸಿಲಾಚೆಯೇ ನಿಂತ.