ಆರನೆಯ ಕರಾರು

ಗಡಿಯಾಚೆಯ ಡಿಚೋಲಿಯಲ್ಲಿ ಗಣಿ ಗುತ್ತಿಗೆದಾರರೊಬ್ಬರ ಆಫೀಸಿನಲ್ಲಿ ನಾನು ಟೈಪಿಸ್ಟ್ ಆಗಿದ್ದೆ. ಧಾರವಾಡ ಬಿಟ್ಟು ಬಂದವಳು. ಬಾಡಿಗೆ ಕೋಣೆಯಲ್ಲಿ ನಾನೊಬ್ಬಳೇ. ಕನ್ನಡ ಕಿವಿಗೆ ಬೀಳುತ್ತಿದ್ದದ್ದು ಕೂಲಿಗಳ ಶೆಡ್ಡಿನಲ್ಲಿ ಮಾತ್ರ. ಅವರ ಗುಂಪು ನಡೆಸುವ ಮುಕಾದಮ, ಬಿಜಾಪುರ ಕಡೆಯ ಕಾಕಾ. ಅವನ ಹೆಂಡತಿ ದಿನಾ ಸಂಜೆ, "ಬರ್ರಿ ಬಾಯಾರ, ಬಿಸಿ ರೊಟ್ಟಿ ಐತಿ" ಎಂದು ಕರೆಯುತ್ತಿದ್ದಳು.

ಮಳೆಗಾಲದಲ್ಲಿ ಗಣಿ ನಿಲ್ಲುತ್ತದೆ. ಆ ವರ್ಷ ಗುತ್ತಿಗೆದಾರರಿಗೂ ಕೂಲಿಗಳಿಗೂ ಒಪ್ಪಂದವಾಯಿತು. ಐದನೆಯ ಕರಾರು: ಮಳೆ ಮುಗಿದ ಮೇಲೆ ಇದೇ ಜನರನ್ನು ಮೊದಲು ಕೆಲಸಕ್ಕೆ ಕರೆಯಬೇಕು. ಆರನೆಯದು: ಕೆಲಸವಿಲ್ಲದ ತಿಂಗಳುಗಳಲ್ಲಿ ಅವರು ಶೆಡ್ ಖಾಲಿ ಮಾಡಬೇಕು. ಮೂರು ಪ್ರತಿ: ನಮಗೊಂದು, ಕಾಕಾನಿಗೊಂದು, ಲೇಬರ್ ಆಫೀಸಿಗೊಂದು. ಸಹಿ, ಹೆಬ್ಬೆಟ್ಟು ಕೊನೆಯ ಹಾಳೆಗೆ ಮಾತ್ರ.

ಎಲ್ಲರ ಸಹಿಯಾದ ಮೇಲೆ, ಲೇಬರ್ ಆಫೀಸಿನ ಪ್ರತಿಯ ಪಿನ್ ಬಿಚ್ಚಿದೆ. ಆರನೆಯದನ್ನು ಬಿಟ್ಟು ಎರಡನೆಯ ಹಾಳೆಯನ್ನು ಮತ್ತೆ ಟೈಪ್ ಮಾಡಿ, ಅದೇ ತೂತಿಗೆ ಪಿನ್ ಹೊಡೆದೆ. ಸರಕಾರದ ಕಾಗದದಲ್ಲೇ ಇಲ್ಲದಿದ್ದರೆ ಇವರನ್ನು ಮಳೆಯಲ್ಲಿ ಯಾರು ಹೊರಹಾಕುತ್ತಾರೆ? ದೊಡ್ಡ ಪುಣ್ಯ ಕಟ್ಟಿಕೊಂಡೆ ಅಂದುಕೊಂಡೆ, ಹುಚ್ಚಿ!

ಒಪ್ಪಂದ ದಾಖಲಿಸಲು ನಮ್ಮ ಮ್ಯಾನೇಜರ್, ಕಾಕಾ, ನಾನು ಲೇಬರ್ ಆಫೀಸಿಗೆ ಹೋದೆವು. ಅಲ್ಲಿನ ಸಾಹೇಬರು ಕರಾರುಗಳನ್ನು ಒಂದೊಂದಾಗಿ ಹಿಂದಿಯಲ್ಲಿ ಓದಿ ಹೇಳಿದರು. ಓದು ಬಾರದ ಕಾಕಾ ಬೆರಳು ಮಡಚುತ್ತಾ ಕೇಳುತ್ತಿದ್ದವನು, ತಟ್ಟನೆ ನನ್ನತ್ತ ತಿರುಗಿದ. "ಬಾಯಾರ, ಶೆಡ್ ಬಿಡೋ ಮಾತು ಓದಲೇ ಇಲ್ಲಲ್ರಿ. ಸಾಹೇಬ್ರಿಗೆ ಹೇಳ್ರಿ."

ನಾನು ನಮ್ಮ ಪ್ರತಿಯ ಫೈಲನ್ನು ಮುಚ್ಚಿಟ್ಟೆ. ಅವನೇ ತನ್ನ ಪ್ರತಿಯನ್ನು ಮೇಜಿನ ಮೇಲಿಟ್ಟ. ಎರಡೂ ಪ್ರತಿ ಪಕ್ಕಪಕ್ಕ ಬಂದಾಗ ವ್ಯತ್ಯಾಸ ಕಂಡಿತು. ನಮ್ಮ ಮ್ಯಾನೇಜರ್ ಕಾಕಾನ ಮೇಲೆಯೇ ಹರಿಹಾಯ್ದರು: ಇವನೇ ಯಾರನ್ನೋ ಹಿಡಿದು ಹಾಳೆ ಬದಲಿಸಿದ್ದಾನೆ, ಈ ಒಪ್ಪಂದವೇ ಬೇಡ, ಮಳೆ ಮುಗಿದ ಮೇಲೆ ಹೊಸ ಜನ ತರುತ್ತೇನೆ!

"ನಾನು ಬದಲಿಸಿದ್ದು," ಎಂದೆ.

ಸಾಹೇಬರು ಬೈಯಲಿಲ್ಲ. ಸಹಿಯಾದ ಮೇಲೆ ಒಂದು ಸಾಲು ತೆಗೆದರೂ ಅದು ತಿದ್ದುಪಡಿಯಲ್ಲ, ಖೋಟಾ; ಇವರು ಒಪ್ಪದ ಕಾಗದಕ್ಕೆ ಇವರ ಹೆಬ್ಬೆಟ್ಟು ಅಂಟಿಸಿದ್ದೀಯ, ಎಂದರು. ಉಳಿದೆರಡು ಪ್ರತಿ ತಾಳೆಯಾದವು. ಎರಡೂ ಕಡೆಯವರಿಂದ ಹೊಸದಾಗಿ ಸಹಿ ಹಾಕಿಸಿದರು. ನನ್ನ ಕೆಲಸ ಉಳಿಯಿತು, ಪುಣ್ಯ.

ಹೊರಗೆ ಬಂದು, "ನಿಮ್ಮ ಸಲುವಾಗೇ ಮಾಡಿದ್ನಿ ಕಾಕಾ," ಎಂದೆ.

"ಶೆಡ್ ಬಿಡತೇವಿ ಅಂದದ್ದಕ್ಕನ ಅವರು ತಿರಗಿ ಕರೀತೇವಿ ಅಂದ್ರು. ಒಂದು ಕಿತ್ರ ಇನ್ನೊಂದು ನಿಲ್ಲತೈತೇನ್ರಿ? ನಮ್ಮನ್ನ ಒಂದ್ ಮಾತು ಕೇಳಬೇಕಿತ್ತು."

ಕೇಳಿರಲಿಲ್ಲ. ಕೇಳಿದ್ದರೆ ಹೋಗುತ್ತೇವೆ ಅನ್ನುತ್ತಿದ್ದರು. ಖರೆ ಹೇಳಬೇಕೆಂದರೆ, ಅವರು ಮಳೆಯಲ್ಲಿ ನೆನೆಯುತ್ತಾರೆಂಬ ಭಯ ನನಗಿರಲಿಲ್ಲ. ಅವರಿಗೆ ಊರಿತ್ತು, ಮನೆಯಿತ್ತು. ನಾಲ್ಕು ತಿಂಗಳು ನಾನೊಬ್ಬಳೇ ಉಣ್ಣಬೇಕಲ್ಲ ಎಂಬ ಸಂಕಟ, ಅಷ್ಟೇ.

ಅವರು ಹೋದರು. ಮಳೆ ಮುಗಿದ ಮೇಲೆ ಕರಾರಿನಂತೆ ಎಲ್ಲರೂ ಬಂದರು. ಹೊಸ ಒಪ್ಪಂದಕ್ಕೆ ಕಾಕಾ ನನ್ನ ಮೇಜಿನೆದುರು ಕೂತ. ಕೊನೆಯ ಹಾಳೆ ಮುಂದಿಟ್ಟೆ. ಅವನು ಮೆಲ್ಲಗೆ ಮೊದಲ ಹಾಳೆ ತಿರುವಿ ಅಲ್ಲಿ ಹೆಬ್ಬೆಟ್ಟು ಒತ್ತಿದ, ಆಮೇಲೆ ಎರಡನೆಯದಕ್ಕೆ.

"ಎಲ್ಲಾ ಹಾಳಿಗೂ ಒತ್ತತೇನ್ರಿ ಬಾಯಾರ," ಎಂದ. ಆ ಸಂಜೆ ಯಾರೂ ರೊಟ್ಟಿಗೆ ಕರೆಯಲಿಲ್ಲ.