ಐನೂರಾ ಎಂಬತ್ತನಾಲ್ಕು, ಹೆಚ್ಚು ಕಡಿಮೆ ಹನ್ನೆರಡು

ಕೊಪ್ಪಳದ ನಮ್ಮ ಕಾಲೇಜಿನಲ್ಲಿ ನನ್ನ ಕೆಂಪು ಪೆನ್ನಿಗೆ ಕೆಟ್ಟ ಹೆಸರಿದೆ. ಭೌತವಿಜ್ಞಾನದ ಪ್ರಯೋಗಾಲಯದಲ್ಲಿ ಇಪ್ಪತ್ತು ವರ್ಷದಿಂದ ರೆಕಾರ್ಡ್ ತಿದ್ದುತ್ತಿದ್ದೇನೆ; ಉದ್ದುದ್ದ ಬರೆದದ್ದನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಹಾಗಾಗಿ ಒಬ್ಬ ಹುಡುಗಿ ಒಂದು ಮಧ್ಯಾಹ್ನ ಎರಡು ಹಾಳೆ ಹಿಡಿದು ಬಾಗಿಲಲ್ಲಿ ನಿಂತಾಗ, ಒಳಗೆ ಕರೆಯುವ ಮೊದಲೇ ಕೇಳಿದೆ.

"ಎಷ್ಟು ಶಬ್ದ ಅದಾವ?"

"ಇನ್ನೂರಾ ಅರವತ್ರಿ ಮೇಡಂ."

"ಅವರು ಕೇಳಿದ್ದು?"

"ನೂರ್ರಿ," ಎಂದಳು, ಹಾಳೆಯ ಹಿಂದೆ ಮುಖ ಅಡಗಿಸಿ.

ಯಲಬುರ್ಗಾ ಕಡೆಯ ಮಂಗಳೂರಿನಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗಿ. ಪದವಿಯ ಕೊನೆಯ ವರ್ಷ. ದೂರದ ಊರಿನ ಒಂದು ಸಂಶೋಧನಾ ಸಂಸ್ಥೆಯವರು ಬೇಸಿಗೆಯಲ್ಲಿ ಎರಡು ತಿಂಗಳು ಕೆಲವು ವಿದ್ಯಾರ್ಥಿಗಳನ್ನು ತಮ್ಮ ಬೆಳಕಿನ ಪ್ರಯೋಗಾಲಯಕ್ಕೆ ಕರೆಸಿಕೊಳ್ಳುತ್ತಾರೆ. ಅರ್ಜಿಯ ಜೊತೆ ತಾವೇ ಮಾಡಿದ ಒಂದು ಪ್ರಯೋಗದ ವರದಿ ಕಳಿಸಬೇಕು. ಮೊದಲು ನೂರು ಶಬ್ದದ ಸಾರಾಂಶ ಓದುತ್ತೇವೆ, ಅದು ಹಿಡಿಸಿದರೆ ಮಾತ್ರ ಉಳಿದದ್ದು ಎಂದು ಅವರೇ ಬರೆದಿದ್ದರು. ಹಿಂದಿನ ವರ್ಷ ಇವಳ ಅರ್ಜಿ ವಾಪಸು ಬಂದಿತ್ತು. ಮುಂದಿನ ವರ್ಷ ಇವಳು ವಿದ್ಯಾರ್ಥಿನಿಯೇ ಆಗಿರುವುದಿಲ್ಲ. ಕೊನೆಯ ದಿನಾಂಕ ಮರುದಿನ.

ಸಾರಾಂಶವನ್ನು ಇಂಗ್ಲಿಷಿನಲ್ಲಿ ಬರೆದಿದ್ದಳು. ಮಾನವನ ಬದುಕಿನಲ್ಲಿ ಬೆಳಕಿನ ಮಹತ್ವ ಎಂದು ಶುರುವಾಗಿತ್ತು. ಅದನ್ನು ಹೊಡೆದು ಹಾಕಿದೆ. ಸೋಡಿಯಂ ದೀಪ, ಲೆನ್ಸು, ಗಾಜಿನ ಪಟ್ಟಿ, ಸೂಕ್ಷ್ಮದರ್ಶಕ ಎಂಬ ಸಾಮಾನಿನ ಪಟ್ಟಿಯನ್ನೂ ಹೊಡೆದೆ. ಉಬ್ಬಿದ ಲೆನ್ಸನ್ನು ಗಾಜಿನ ಮೇಲಿಟ್ಟು ಹಳದಿ ಬೆಳಕು ಬಿಟ್ಟರೆ ಒಂದರೊಳಗೊಂದು ಉಂಗುರಗಳು ಕಾಣುತ್ತವೆ. ಅವುಗಳ ವ್ಯಾಸ ಅಳೆದು, ಲೆನ್ಸಿನ ತ್ರಿಜ್ಯ ಗೊತ್ತಿದ್ದರೆ, ಬೆಳಕಿನ ತರಂಗಾಂತರ ತೆಗೆಯಬಹುದು. ಇಷ್ಟು ಒಂದು ವಾಕ್ಯದಲ್ಲಿ ಮುಗಿಯುತ್ತದೆ. ಕೊನೆಗೆ ಉತ್ತರ ಸಿಕ್ಕಿತು. 589.3 ನ್ಯಾನೋಮೀಟರ್. ಪುಸ್ತಕದಲ್ಲಿ ಇದ್ದಷ್ಟೇ, ಅಣುಮಾತ್ರವೂ ಆಚೀಚೆ ಇಲ್ಲ.

"ಅನಿಶ್ಚಿತತೆ ಎಲ್ಲೈತಿ? ಹೆಚ್ಚು ಕಡಿಮಿ ಎಷ್ಟು?"

"ಹೆಚ್ಚು ಕಡಿಮಿ ಏನೂ ಇಲ್ರಿ ಮೇಡಂ. ಸರಿ ಬಂದೈತ್ರಿ."

ನನಗೆ ಸಿಟ್ಟು ನೆತ್ತಿಗೇರಿತು. "ಕೈಲೆ ಅಳದದ್ದಕ್ಕ ಹೆಚ್ಚು ಕಡಿಮಿ ಇರಂಗಿಲ್ಲೇನು? ನೀ ಅಳದಿಯೋ, ಪುಸ್ತಕ ನೋಡಿ ಬರದಿಯೋ?"

ಅವಳ ಕಣ್ಣು ತುಂಬಿತು. ಚೀಲದಿಂದ ರೆಕಾರ್ಡ್ ತೆಗೆದು ಹಿಂದಿನ ಪುಟ ತೋರಿಸಿದಳು. ಅಲ್ಲಿ ಪೆನ್ಸಿಲಿನಲ್ಲಿ ಮೂರು ದಿನದ ರೀಡಿಂಗುಗಳಿದ್ದವು. 645, 652, 647. ಮುಂದಿನ ಪುಟಗಳಲ್ಲಿ ಶಾಯಿಯಲ್ಲಿದ್ದದ್ದು ಹಿಂದಿನ ವರ್ಷದವರ ರೆಕಾರ್ಡಿನಿಂದ ಇಳಿಸಿಕೊಂಡದ್ದು. ನಮ್ಮಲ್ಲಿ ಇದು ಒಂದು ಪದ್ಧತಿಯೇ. ಪೆನ್ಸಿಲ್ ತನ್ನದು, ಶಾಯಿ ಹಿಂದಿನವರದು. ನನಗೆ ಇದು ಗೊತ್ತಿರಲಿಲ್ಲ ಎಂದರೆ ಸುಳ್ಳು. ಉತ್ತರ ಸರಿ ಇದ್ದರೆ ಕಣ್ಣು ಮುಚ್ಚಿ ಸಹಿ ಹಾಕಿದ್ದೇನೆ.

"ಎಷ್ಟು ಸಲ ಮಾಡಿದ್ರೂ ತಪ್ಪಽ ಬರತೈತ್ರಿ. ನನ್ನ ಕೈಯಾಗ ಏನೋ ದೋಷ ಐತ್ರಿ."

ಪೆನ್ಸಿಲಿನ ಅಂಕಿಗಳನ್ನು ನೋಡುತ್ತಾ ಕೂತೆ. ಕೈ ತಪ್ಪುವವರ ಅಂಕಿ ಹೀಗಿರುವುದಿಲ್ಲ, ಅಲ್ಲೊಂದು ಇಲ್ಲೊಂದು ಚೆಲ್ಲಾಡಿರುತ್ತದೆ. ಇವು ಮೂರೂ ಒಂದೇ ಜಾಗದಲ್ಲಿ ಗುಂಪಾಗಿದ್ದವು. ಉಂಗುರದ ಅಂಚಿನ ಮೇಲೆ ಸೂಕ್ಷ್ಮದರ್ಶಕದ ಗೆರೆ ಕೂರಿಸುವಾಗ ಎಷ್ಟು ತಪ್ಪಬಹುದು ಎಂದು ಅವಳಿಂದಲೇ ಲೆಕ್ಕ ಹಾಕಿಸಿದೆ. 648, ಹೆಚ್ಚು ಕಡಿಮೆ 6. ಪುಸ್ತಕದ ಅಂಕಿ ಐವತ್ತೊಂಬತ್ತರಷ್ಟು ಕೆಳಗಿದೆ. ಕೈಯ ತಪ್ಪು ಆರರಷ್ಟಾದರೆ, ಉಳಿದದ್ದಕ್ಕೆ ಬೇರೆ ಯಾರೋ ಹೊಣೆ.

"ತ್ರಿಜ್ಯ ಎಷ್ಟು ತಗೊಂಡಿ?"

"ನೂರು ಸೆಂಟಿಮೀಟರ್ರಿ. ಎಲ್ಲಾರ ರೆಕಾರ್ಡಿನ್ಯಾಗೂ ಅದಽ ಐತ್ರಿ."

ಆಗ ನೆನಪಾಯಿತು. ಮೂರು ವರ್ಷದ ಹಿಂದೆ ಆ ಲೆನ್ಸು ನನ್ನ ಕೈಯಿಂದಲೇ ಜಾರಿ ಬಿದ್ದು ಒಡೆದಿತ್ತು. ಹುಬ್ಬಳ್ಳಿಯಿಂದ ಬೇರೆ ತರಿಸಿ ಇಟ್ಟೆ. ಅದರ ತ್ರಿಜ್ಯ ಅಳೆಯಲಿಲ್ಲ, ಗೋಡೆಯ ಮೇಲಿನ ಉಪಕರಣಗಳ ಪಟ್ಟಿಯಲ್ಲಿದ್ದ ಹಳೆಯ ನೂರನ್ನೂ ಬದಲಿಸಲಿಲ್ಲ. ಇಲ್ಲದ ಲೆನ್ಸಿನ ತ್ರಿಜ್ಯ ಹಿಡಿದು ಮೂರು ವರ್ಷ ಎಲ್ಲರೂ 589.3 ತೆಗೆದಿದ್ದರು, ನಾನು ಎಲ್ಲರಿಗೂ ಸಹಿ ಹಾಕಿದ್ದೆ. ಒಬ್ಬಳು ನಿಜವಾಗಿ ಅಳೆದಳು, ಅವಳೇ ತನ್ನ ಕೈಯನ್ನು ಅನುಮಾನಿಸಿಕೊಂಡು ಕೂತಿದ್ದಳು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

"ನಿನ್ನ ಕೈ ಛಲೋ ಐತವ್ವ," ಎಂದೆ. "ತಪ್ಪು ನಂದು."

ಉಬ್ಬು ಅಳೆಯುವ ಮೂರು ಕಾಲಿನ ಸ್ಫೆರೋಮೀಟರನ್ನು ಲೆನ್ಸಿನ ಮೇಲೆ ಕೂರಿಸಿ ಅವಳು ಹತ್ತು ಸಲ ಅಳೆದಳು, ನಾನು ಬರೆದುಕೊಂಡೆ. ತ್ರಿಜ್ಯ 111, ಹೆಚ್ಚು ಕಡಿಮೆ 2 ಸೆಂಟಿಮೀಟರ್. ಹೊಸ ಲೆಕ್ಕದಲ್ಲಿ ತರಂಗಾಂತರ 584, ಹೆಚ್ಚು ಕಡಿಮೆ 12. ಪುಸ್ತಕದ ಅಂಕಿ ಈಗ ಆ ಹನ್ನೆರಡರೊಳಗೆ ಬಂದಿತ್ತು. ಅವಳು ಮಾತ್ರ ಹಿಗ್ಗಲಿಲ್ಲ.

"ಉಳದವರೆಲ್ಲ 589.3 ಅಂತ ಕಳಸ್ತಾರ್ರಿ. ನಾ ಹನ್ನೆರಡು ಹೆಚ್ಚು ಕಡಿಮಿ ಅಂತ ಬರದ್ರ ನನ್ನ ತಗೋತಾರೇನ್ರಿ?"

"ಗೊತ್ತಿಲ್ಲ. ಆದ್ರ ನೀ ಅಳದದ್ದು ಇದಽ," ಎಂದೆ.

ಕಿಟಕಿ ಪಕ್ಕ ಕೂತು ಹೊಸದಾಗಿ ಬರೆದು ತಂದಳು. ಅದರ ಕನ್ನಡ ಹೀಗೆ: ಲೆನ್ಸು ಮತ್ತು ಗಾಜಿನ ನಡುವೆ ಮೂಡುವ ಉಂಗುರಗಳ ವ್ಯಾಸದಿಂದ ಸೋಡಿಯಂ ಬೆಳಕಿನ ತರಂಗಾಂತರವನ್ನು ಅಳೆಯಲಾಯಿತು. ಫಲಿತಾಂಶ 584 ± 12 ನ್ಯಾನೋಮೀಟರ್; ಒಪ್ಪಿತ ಮೌಲ್ಯ 589.3 ಈ ಮಿತಿಯಲ್ಲಿದೆ. ಅನಿಶ್ಚಿತತೆಯ ಹೆಚ್ಚಿನ ಪಾಲು ಲೆನ್ಸಿನ ತ್ರಿಜ್ಯದ ಅಳತೆಯಿಂದ ಬಂದಿದೆ.

ಅಂದವಾಗಿತ್ತು. ಕೆಂಪು ಪೆನ್ನಿಗೆ ಕೆಲಸವೇ ಇರಲಿಲ್ಲ. ಆದರೆ ಒಂದು ಸಾಲು ಕಡಿಮೆ ಇತ್ತು.

"ಪಟ್ಟಿಯೊಳಗ ತಪ್ಪು ತ್ರಿಜ್ಯ ಇದ್ದದ್ದು ಯಾಕ ಬರದಿಲ್ಲ?"

ಅವಳು ಕಾಲ ಬೆರಳಿನಿಂದ ನೆಲ ಕೆರೆಯುತ್ತಾ ನಿಂತಳು. "ಅದು ಬರದ್ರ ನಿಮ್ಮ ಹೆಸರು ಕೆಡತೈತ್ರಿ ಮೇಡಂ."

ಆಗಷ್ಟೇ ಬೈಸಿಕೊಂಡು ಅತ್ತ ಹುಡುಗಿ, ಬೈದವಳ ಮಾನ ಕಾಯಲು ಹೊರಟಿದ್ದಳು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ.

"ನೀ ಕಂಡು ಹಿಡದದ್ದು ಅದನ್ನಽ. ಅದನ್ನ ಬಿಟ್ಟು ಏನು ಕಳಸ್ತಿ? ಬರಿ."

ನಾನು ಹೇಳುತ್ತಾ ಹೋಗಲಿಲ್ಲ, ಅವಳೇ ಬರೆದಳು. ಪ್ರಯೋಗಾಲಯದ ಪಟ್ಟಿಯಲ್ಲಿದ್ದ 100 ಸೆಂಟಿಮೀಟರ್ ತ್ರಿಜ್ಯದಿಂದ 648 ± 6 ಬಂತು. ಒಪ್ಪಿತ ಮೌಲ್ಯಕ್ಕೂ ಇದಕ್ಕೂ ಇರುವ ಅಂತರ ಅನಿಶ್ಚಿತತೆಗಿಂತ ಬಹಳ ದೊಡ್ಡದಾದ್ದರಿಂದ ತ್ರಿಜ್ಯವನ್ನು ಮತ್ತೆ ಅಳೆದು 111 ± 2 ಎಂದು ತಿದ್ದಲಾಯಿತು. ಶಬ್ದ ಎಣಿಸಿದಳು, ನೂರರೊಳಗೇ ಇದ್ದವು. ಅಲ್ಲೇ ಕಾಲೇಜಿನ ಕಂಪ್ಯೂಟರಿನಿಂದ ಕಳಿಸಿ, ಬಸ್ಸಿಗೆ ಓಡಿದಳು.

ತಿಂಗಳ ಮೇಲೆ ಒಂದು ಬೆಳಿಗ್ಗೆ ನನಗಿಂತ ಮೊದಲೇ ಬಂದು ಪ್ರಯೋಗಾಲಯದ ಬೀಗದ ಮುಂದೆ ನಿಂತಿದ್ದಳು. ಹಿಂದಿನ ದಿನ ಅವರು ಫೋನಿನಲ್ಲಿ ಮಾತಾಡಿಸಿದ್ದರಂತೆ. ಬೀಗದ ಕೈ ಹುಡುಕುತ್ತಾ ಗಡುಸಾಗಿಯೇ ಕೇಳಿದೆ, "ಏನಂದ್ರು?"

"ತಗೊಂಡಾರ್ರಿ. ಉಳದದ್ದೇನೂ ಕೇಳಲಿಲ್ರಿ. ನಿಮ್ಮ ಕಾಲೇಜಿನ ತಪ್ಪನ್ನ ನೀವಽ ಬರಿಯಾಕ ಯಾರು ಬಿಟ್ರು ಅಂತ ಕೇಳಿದ್ರು. ಆ ಸಾಲು ಓದಿಽ ಕರದೀವಿ ಅಂದ್ರು."

"ನೀ ಏನಂದಿ?"

"ತಪ್ಪು ಮಾಡಿದವರಽ ಬರಿಸಿದ್ರು ಅಂದೆ," ಎಂದು ಹೇಳಿ, ಮಾತು ಹೆಚ್ಚಾಯಿತೇನೋ ಎಂದು ನನ್ನ ಮುಖ ನೋಡಿದಳು. ನನಗೆ ನಗು ಬಂತು, ಕಣ್ಣೂ ತುಂಬಿತು. ಬೀಗದ ಕೈಯನ್ನು ಅವಳ ಕೈಗೇ ಕೊಟ್ಟು, ತೆಗಿ ಎಂದೆ.