ಒಂದು ಶೆಡ್ಡಿಗೆ ಮೂರು ಥರದ ರ‍್ಯಾಕು

ಆಗ ನನಗೆ ಅರವತ್ತಮೂರು. ಐದು ವರ್ಷದ ಹಿಂದಿನ ಮಾತು. ಇಲವಾಲದ ಹತ್ತಿರದ ಊದುಬತ್ತಿ ಗೋಡೌನಿನಲ್ಲಿ, ಅಂಗಡಿಗಳ ಆರ್ಡರಿಗೆ ಮಾಲು ತೆಗೆದುಕೊಡುವ ಎಂಟು ಹೆಂಗಸರಲ್ಲಿ ನಾನೇ ಹಿರಿಯಳು. ಓದು ಅಷ್ಟಕ್ಕಷ್ಟೆ. ಪೆಟ್ಟಿಗೆಯ ಮೇಲಿನ ಹೆಸರು ಕೂಡಿಸಿ ಓದುವಷ್ಟರಲ್ಲಿ ಒಳಗಿರುವುದು ಯಾವ ಬತ್ತಿಯೆಂದು ಮೂಗೇ ಹೇಳಿಬಿಡುತ್ತಿತ್ತು.

ಪಕ್ಕದಲ್ಲಿ ಹೊಸ ಶೆಡ್ಡು ಎದ್ದಿತ್ತು. ರ‍್ಯಾಕ್ ಕಂಪನಿಯ ಇಂಜಿನಿಯರು ಬಂದಿದ್ದ. ಯಜಮಾನರಿಗೆ ಶೆಡ್ಡಿನ ತುಂಬ ಡ್ರೈವ್-ಇನ್ ರ‍್ಯಾಕು ಬೇಕು. ಅದರಲ್ಲಿ ಓಡಾಡುವ ಓಣಿಗಳು ಕಡಿಮೆ. ಫೋರ್ಕ್‌ಲಿಫ್ಟ್ ಗಾಡಿಯೇ ಕಂಬಗಳ ನಡುವೆ ನುಗ್ಗಿ, ಮರದ ಮಣೆಯ ಮೇಲೆ ಪೆಟ್ಟಿಗೆ ಪೇರಿಸಿದ ಪ್ಯಾಲೆಟ್‌ಗಳನ್ನು ಒಂದರ ಹಿಂದೆ ಒಂದು ಆರು ಇಡುತ್ತದೆ, ಮೂರು ಅಂತಸ್ತು. ಎಷ್ಟು ಪ್ಯಾಲೆಟ್ ಹಿಡಿಸುತ್ತದೆಂದು ಎಣಿಸಿದ್ದರು, ಮಾಲು ಎಷ್ಟು ಬಗೆಯದೆಂದು ಎಣಿಸಿರಲಿಲ್ಲ. ಸಂಜೆ ರ‍್ಯಾಕಿಗೆ ಆರ್ಡರ್ ಕೊಟ್ಟುಬಿಟ್ಟರೆ ಆಮೇಲೆ ದಿನಾ ಸಾಯುವವರು ನಾವು.

ಫೋರ್ಕ್‌ಲಿಫ್ಟಿನವನಿಗೆ ಹೇಳಿ, ಗೋಡೆಯಿಂದ ಈಚೆಗೆ ಆರು ಬಗೆಯ ಆರು ಪ್ಯಾಲೆಟ್ ಸಾಲಾಗಿ ಇಡಿಸಿದೆ.

"ಯಜಮಾನ್ರೇ, ಗೋಡೆ ಪಕ್ಕದ್ದು ಮಲ್ಲಿಗೆ. ಒಂದು ಪೆಟ್ಗೆ ಕೊಡಿ, ನೋಡಾನ."

"ಮುಂದಿನ ಐದು ತೆಗೀಬೇಕಲ್ಲಮ್ಮ!"

"ತೆಗೀರಿ. ನಾನು ಕಾಫಿ ಕುಡ್ಕೊಂಡು ಬತ್ತೀನಿ."

ಇಂಜಿನಿಯರು ನಕ್ಕ. ಯಜಮಾನರು ನಗಲಿಲ್ಲ.

"ಒಂದು ಸಾಲಿಗೆ ಒಂದೇ ಬಗೆ ಇಟ್ರೆ ಆಯ್ತು ಬುಡು."

"ಒಂದು ಸಾಲಿಗೆ ಹದಿನೆಂಟು ಪ್ಯಾಲೆಟ್ ಜಾಗ. ಮಲ್ಲಿಗೆ ಇರೋದು ಒಂದು. ಮಿಕ್ಕಿದ ಹದಿನೇಳರಲ್ಲಿ ನಿಮ್ಮ ನೆಂಟರನ್ನ ಮಲಗಿಸ್ತೀರಾ?"

ಈಗ ಅವರೂ ನಕ್ಕರು. ಇಂಜಿನಿಯರು ಪುಸ್ತಕ ತೆಗೆದ. "ಯಾವುದು ಎಷ್ಟಿದೆ ಹೇಳಿ ಅಜ್ಜಿ."

ಹೇಳಿದೆ. ನೂರ ಮೂವತ್ತಕ್ಕೂ ಹೆಚ್ಚು ಬಗೆ ಒಂದೋ ಎರಡೋ ಪ್ಯಾಲೆಟ್ ಮಾತ್ರ. ಯಾವುದನ್ನು ಯಾವಾಗ ಕೇಳುತ್ತಾರೋ ಗೊತ್ತಿಲ್ಲ. ಹನ್ನೆರಡು ಬಗೆ ಏಳೆಂಟು ಪ್ಯಾಲೆಟ್, ದಿನಾ ಹೋಗುತ್ತವೆ. ಮೂರು ಬಗೆ ಮಾತ್ರ ರಾಶಿ ರಾಶಿ. ಹೊರದೇಶಕ್ಕೆ ಹೋಗುವಂಥವು, ಒಟ್ಟಿಗೆ ಬಂದು ಒಟ್ಟಿಗೆ ಲೋಡಾಗುತ್ತವೆ.

"ಹಾಗಾದ್ರೆ ಡ್ರೈವ್-ಇನ್ ಆ ಮೂರಕ್ಕೇ ಸರಿ ಸಾರ್. ಒಂದೆರಡು ಪ್ಯಾಲೆಟ್‌ನವಕ್ಕೆ ಸೆಲೆಕ್ಟಿವ್, ಪ್ರತಿ ಪ್ಯಾಲೆಟ್ಟೂ ಓಣಿಯಿಂದ ಕೈಗೆ ಸಿಗುತ್ತೆ. ನಡುವಿನ ಹನ್ನೆರಡಕ್ಕೆ ಪುಶ್-ಬ್ಯಾಕ್, ಇಳಿಜಾರು ಹಳಿ ಮೇಲೆ ಒಂದರ ಹಿಂದೆ ಒಂದು ನಾಲ್ಕು. ಹೊಸದನ್ನಿಟ್ಟು ತಳ್ಳಿದ್ರೆ ಹಳೇದು ಹಿಂದಕ್ಕೆ ಸರಿಯುತ್ತೆ, ಮುಂದಿಂದು ತೆಗೆದ್ರೆ ಹಿಂದಿಂದು ಜಾರಿ ಬರುತ್ತೆ. ಗಾಡಿ ಒಳಗೆ ಹೋಗಲ್ಲ."

"ಹಂಗಾದ್ರೆ ಮೊದಲು ಇಟ್ಟಿದ್ದು ಕೊನೇಲಿ ಬತ್ತದೆ," ಅಂದೆ. "ವಾಸ್ನೆ ಹೋಗ್ಬುಡ್ತದೆ ಕಣಪ್ಪ."

"ಒಂದು ಸಾಲು ಪೂರ್ತಿ ಖಾಲಿಯಾಗೋವರೆಗೂ ಅದಕ್ಕೆ ಹೊಸದು ತುಂಬಬೇಡಿ ಅಜ್ಜಿ. ಒಂದೊಂದು ಬಗೆಗೂ ಎರಡು ಸಾಲು ಕೊಡ್ತೀನಿ, ಹೊಸದು ಇನ್ನೊಂದಕ್ಕೆ ಹೋಗಲಿ."

ಅದು ಒಪ್ಪುವ ಮಾತು.

ಯಜಮಾನರು ಮಾತ್ರ ಆಮೇಲೂ ಗೊಣಗಿದರು. "ಒಟ್ಟು ಕಮ್ಮಿ ಹಿಡಿಸ್ತದೆ."

"ಹಿಡಿಸಿದ್ದು ಈಚೆಗೂ ಬರ್ಬೇಕಲ್ಲ ಯಜಮಾನ್ರೇ!"

ಸಂಜೆ ಮೂರು ಥರಕ್ಕೂ ಆರ್ಡರ್ ಹೋಯಿತು.

ಮರುದಿನ ಬೆಳಗ್ಗೆ ಎಲ್ಲರಿಗಿಂತ ಮೊದಲೇ ಹೋಗಿ, ಸೀಮೆಸುಣ್ಣ ಹಿಡಿದು, ಯಾವುದು ಯಾವ ರ‍್ಯಾಕಿಗೆಂದು ಗುರುತಿಗೆ ಪ್ರತಿ ಬಗೆಯ ಪ್ಯಾಲೆಟ್ಟಿಗೂ ಗೆರೆ ಎಳೆದೆ. ಸೆಲೆಕ್ಟಿವ್‌ಗೆ ಒಂದು, ಪುಶ್-ಬ್ಯಾಕ್‌ಗೆ ಎರಡು, ಡ್ರೈವ್-ಇನ್‌ಗೆ ಮೂರು.